ಕ್ಯಾಚ್ ಹಿಡಿದ ಹೆಬ್ಬೆರಳು, ಪ್ಯಾಂಟಿಂದ ಆಚೆ ಬಂದ ಶರ್ಟು

ನಮ್ಮ ಚಿಕ್ಕಪ್ಪನ ಮಗ ಸ್ಲಿಪ್‌ನಲ್ಲಿ ಲೆದರ್ ಬಾಲ್ ಕ್ಯಾಚ್ ಹಿಡಿಯೋಕೆ ಹೋದ, ಬಾಲು ಹೆಬ್ಬೆರಳನ್ನ ಹೊರಗಡೆಗೆ ತಳ್ಕೊಂಡು ಹೋಯ್ತು. ಸಂಜೆಗೆ ಬುಡ ಊದ್ಕೊಂಡಿತು. ಮನೇಲಿ ಯಥಾಪ್ರಕಾರ "ಉಳುಕು ಅಷ್ಟೇ, ಎಣ್ಣೆ ಹಾಕಿ ನೀವಿಸ್ಕೊ" ಅಂದ್ರು. ನೀವಿ ಎಳೆದು ಉಳುಕು ತೆಗೆಸೋ ಈ ಚಟ ನನಗೆ ಮೈಯೆಲ್ಲ ಉರಿಸುತ್ತೆ, ಯಾಕೆ ಅಂತ ಹೇಳ್ತೀನಿ.

ಹೆಬ್ಬೆರಳಿನ ಬುಡದ ಕೀಲಲ್ಲಿ, ತೋರುಬೆರಳಿನ ಕಡೆಗೆ, ಎಲುಬುಗಳನ್ನ ಕಟ್ಟಿ ಹಿಡಿಯೋ ಒಂದು ಗಟ್ಟಿ ನಾರು, ಅಂದ್ರೆ ಲಿಗಮೆಂಟ್, ಇದೆ. ಬೆರಳು ಹೊರಗೆ ವಾಲದ ಹಾಗೆ ತಡೆಯೋದು ಅದೇ. 1955ರಲ್ಲಿ ಕ್ಯಾಂಪ್‌ಬೆಲ್ ಅನ್ನೋ ಡಾಕ್ಟರು ಸ್ಕಾಟ್ಲೆಂಡಿನ ಬೇಟೆಕಾಡಿನ ಕಾವಲುಗಾರರಲ್ಲಿ ಇದು ಸಡಿಲ ಆಗಿರೋದನ್ನ ಬರೆದ್ರು, ಮೊಲದ ಕುತ್ತಿಗೆ ಮುರಿದೂ ಮುರಿದೂ ಬಂದ ತೊಂದರೆ ಅದು. ಕೋಲು ಹಿಡ್ಕೊಂಡೇ ಬೀಳೋ ಸ್ಕೀಯಿಂಗ್ ಮಾಡೋರಿಗೂ ಇದೇ ಆಗುತ್ತೆ.

ಆದ್ರೆ ನನಗೆ ಇಷ್ಟವಾದ ಕಥೆ 1962ರದ್ದು. ಸ್ವೀಡನ್ನಿನ ಸ್ಟೆನರ್ ಅನ್ನೋ ಡಾಕ್ಟರು ಒಂದು ವಿಚಿತ್ರ ಗಮನಿಸಿದ್ರು. ಈ ಲಿಗಮೆಂಟಿನ ಮೇಲೆ, ಹೆಬ್ಬೆರಳನ್ನ ಒಳಗೆಳೆಯೋ ಸ್ನಾಯುವಿನ ತೆಳು ಪರದೆ ಹಾದುಹೋಗುತ್ತೆ. ಲಿಗಮೆಂಟ್ ಪೂರ್ತಿ ಹರಿದಾಗ ಅದರ ತುದಿ ಕೆಲವು ಸಲ ಪರದೆಯ ಅಡಿಯಿಂದ ಜಾರಿ ಆಚೆ ಬಂದು, ಅದರ ಮೇಲೆ ಮಡಚ್ಕೊಂಡು ಕೂತ್ಕೊಳ್ಳುತ್ತೆ. ಇನ್‌ಶರ್ಟ್ ಮಾಡಿದ ಅಂಗಿ ಎಗರಿ ಬೆಲ್ಟಿನ ಮೇಲೆ ಬಂದ ಹಾಗೆ. ಅಥವಾ ಪೈಜಾಮದ ಲಾಡಿ ಮಡಿಕೆಯಿಂದ ಹೊರಗೆ ಬಂದ್ಬಿಟ್ರೆ ಎಷ್ಟು ಕಾದ್ರೂ ತಾನಾಗೇ ವಾಪಸ್ ಹೋಗುತ್ತಾ? ಎಲುಬಿಗೂ ತುದಿಗೂ ಮಧ್ಯೆ ಪರದೆ ಅಡ್ಡ ಇದೆ, ಹಾಗಾಗಿ ಎರಡೂ ಮುಟ್ಟೋದೇ ಇಲ್ಲ. ಪಟ್ಟಿ ಕಟ್ಟಿ ಎಷ್ಟು ವಾರ ಕೂತ್ರೂ ಅಂಟಲ್ಲ, ಆಪರೇಷನ್ನೇ ಆಗ್ಬೇಕು. ನೀವಿ ಎಳೆದ್ರೆ ಅರ್ಧ ಹರಿದಿರೋದು ಪೂರ್ತಿ ಹರಿಯಬಹುದು, ಅದಕ್ಕೇ ನನ್ನ ಸಿಟ್ಟು.

ನಮ್ಮ ಹುಡುಗನಿಗೆ ಬೀಗದ ಕೀ ತಿರುಗಿಸೋಕೆ ಆಗ್ತಿರಲಿಲ್ಲ, ಬಾಟಲ್ ಮುಚ್ಚಳ ಅಂತೂ ಕೇಳ್ಲೇಬೇಡಿ. ಬುಡದಲ್ಲಿ ಒಂದು ಗಂಟು ಕೈಗೆ ಸಿಗ್ತಿತ್ತು. ಒಂಬತ್ತನೇ ದಿನ ಹ್ಯಾಂಡ್ ಸರ್ಜನ್ ಹತ್ರ ಹೋದ್ವಿ. ಅವರು ಮೊದಲು ಎಕ್ಸ್‌ರೇ ತೆಗೆಸಿದ್ರು, ಎಲುಬಿನ ಚೂರು ಕಿತ್ತು ಬಂದಿದ್ರೆ ಬಗ್ಗಿಸಿ ನೋಡೋದು ಅಪಾಯ ಅಂತ. ಚೂರು ಇರಲಿಲ್ಲ. ಆಮೇಲೆ ಎರಡೂ ಹೆಬ್ಬೆರಳನ್ನ ಮೆಲ್ಲಗೆ ಹೊರಗೆ ವಾಲಿಸಿ ಹೋಲಿಸಿದ್ರು. ಒಳ್ಳೇದು ಒಂದು ಕಡೆ ಟಕ್ ಅಂತ ನಿಂತಿತು, ಇದು ನಿಲ್ಲದೇ ಹೋಗ್ತಾನೇ ಇತ್ತು. ಅಲ್ಟ್ರಾಸೌಂಡಲ್ಲಿ ತುದಿ ಆಚೆ ಬಂದಿರೋದು ಕಾಣಿಸ್ತು. ಈ ಪರೀಕ್ಷೆ ಮನೇಲಿ ಮಾತ್ರ ಮಾಡ್ಬೇಡಿ.

ಇನ್ನು ಟೇಪ್ ಸುತ್ತೋದು ಏನಿದ್ರೂ ಸ್ವಲ್ಪ ನೋವಿದ್ದು ಕೀಲು ಗಟ್ಟಿಯಾಗಿದ್ದಾಗ ಮಾತ್ರ. ಹಿಗ್ಗದ ಟೇಪ್ ತಗೊಂಡು ಮಣಿಕಟ್ಟಿಗೆ ಒಂದು ಸುತ್ತು, ಅಲ್ಲಿಂದ ಹೆಬ್ಬೆರಳನ್ನ ಸುತ್ತಿ ಬುಡದ ಕೀಲಿನ ಮೇಲೆ ದಾಟಿಸಿ ಮತ್ತೆ ಮಣಿಕಟ್ಟಿಗೆ, ಹೀಗೆ ಎಂಟರ ಆಕಾರದಲ್ಲಿ ಮೂರ್ನಾಲ್ಕು ಸಲ. ಬೆರಳು ತೋರುಬೆರಳಿನ ಕಡೆ ವಾಲಿರ್ಲಿ. ಉಗುರು ಒತ್ತಿಬಿಟ್ಟ ಮೇಲೆ ಎರಡು ಸೆಕೆಂಡಲ್ಲಿ ಕೆಂಪಾಗದಿದ್ರೆ ಅಥವಾ ಜುಮ್ ಅಂದ್ರೆ ಬಿಚ್ಚಿ ಸಡಿಲ ಮಾಡಿ. ಅರ್ಧ ಹರಿದಿದ್ರೆ ಟೇಪ್ ಸಾಕಾಗಲ್ಲ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಸ್ಪ್ಲಿಂಟ್ ಬೇಕು.

ಚಿವುಟಿ ಹಿಡಿಯೋ ಶಕ್ತಿ ಹೋಗಿದ್ರೆ, ಬೆರಳು ವಾಲಾಡ್ತಿದ್ರೆ, ಗಂಟು ಸಿಕ್ರೆ ಅದೇ ವಾರ ಡಾಕ್ಟರ ಹತ್ರ ಹೋಗಿ. ಎರಡು ಮೂರು ವಾರದೊಳಗೆ ಹೊಲಿಯೋದು ಸುಲಭ. ಆಮೇಲೆ ತುದಿ ಕುಗ್ಗಿ ಗಾಯದ ಅಂಗಾಂಶದಲ್ಲಿ ಸೇರ್ಕೊಂಡು, ಬೇರೆ ಕಡೆಯಿಂದ ಸ್ನಾಯುರಜ್ಜು ತಂದು ಹೊಸದು ಕಟ್ಟಬೇಕಾಗಬಹುದು.