ಮೀಟರ್ ಬ್ರಿಜ್: ಗ್ಯಾಪ್ ಅದಲು ಬದಲು ಮಾಡಿದರೆ ಯಾವ ದೋಷ ಹೋಗುತ್ತದೆ?

ಸಮತೋಲನದ ನಿಯಮ ಸುಲಭ. ಗ್ಯಾಲ್ವನೋಮೀಟರಿನಲ್ಲಿ ಕರೆಂಟ್ ಸೊನ್ನೆ ಅಂದರೆ ಅದರ ಎರಡೂ ತುದಿಗಳ ವೋಲ್ಟೇಜ್ ಒಂದೇ. ಆಗ ಬ್ರಿಜ್‌ನ ನಾಲ್ಕು ರೋಧಗಳ ನಡುವೆ P/Q = R/S. ಮೀಟರ್ ಬ್ರಿಜ್‌ನಲ್ಲಿ ಎರಡು ರೋಧಗಳ ಜಾಗಕ್ಕೆ 100 ಸೆಂ.ಮೀ. ತಂತಿ ಬರುತ್ತದೆ. ಎಡ ಗ್ಯಾಪ್‌ನಲ್ಲಿ ಗೊತ್ತಿಲ್ಲದ X, ಬಲದಲ್ಲಿ ರೆಸಿಸ್ಟೆನ್ಸ್ ಬಾಕ್ಸ್‌ನ S ಇಟ್ಟು, ಸಮತೋಲನದ ಜಾಗ ತಂತಿಯ ಎಡ ತುದಿಯಿಂದ l ಸೆಂ.ಮೀ. ದೂರದಲ್ಲಿ ಸಿಕ್ಕರೆ:

X = S × l / (100 − l)

ತಂತಿ ಎಲ್ಲಾ ಕಡೆ ಒಂದೇ ದಪ್ಪ ಇದ್ದರೆ ಮಾತ್ರ ಇದು ಸರಿ.

ಈಗ ತಲೆ ತಿನ್ನುವ ಭಾಗ. ತಂತಿಯ ಎರಡು ತುದಿಗಳನ್ನು ತಾಮ್ರದ ಪಟ್ಟಿಗೆ ಬೆಸೆದಿರುತ್ತಾರೆ. ಆ ಬೆಸುಗೆಗೂ ಪಟ್ಟಿಗೂ ಸ್ವಲ್ಪ ರೋಧ ಇರುತ್ತದೆ. ಅದನ್ನು ತಂತಿಯ ಉದ್ದಕ್ಕೆ ಬದಲಾಯಿಸಿ ಎಡಕ್ಕೆ a, ಬಲಕ್ಕೆ b ಸೆಂ.ಮೀ. ಎನ್ನೋಣ. ಹಾಗಾದರೆ ನಿಜವಾದ ಸಮೀಕರಣ:

X/S = (l + a) / (100 − l + b)

X ಮತ್ತು S ಅದಲು ಬದಲು ಮಾಡಿ ಸರಾಸರಿ ತೆಗೆದರೆ ಈ ದೋಷ ಹೋಗುತ್ತದೆ ಎಂದು ರೆಕಾರ್ಡ್‌ನಲ್ಲಿ ಬರೆಯುತ್ತೇವೆ ಅಲ್ವಾ? ಪೂರ್ತಿ ಹೋಗುವುದಿಲ್ಲ. ಲೆಕ್ಕ ಮಾಡಿ ನೋಡೋಣ.

X ನಿಜವಾಗಿ 6 ಓಮ್, a = 1, b = 0.4 ಇರಲಿ. S = 1 ಓಮ್ ಇಟ್ಟರೆ ಸಮತೋಲನ 85.91ರಲ್ಲಿ ಸಿಗುತ್ತದೆ. ಅದಲು ಬದಲು ಮಾಡಿದ ಮೇಲೆ X ಕಡೆಯ ಉದ್ದ 86.51. ಸರಾಸರಿ 86.21 ಹಾಕಿದರೆ X = 6.25 ಓಮ್. ಸರಾಸರಿ ತೆಗೆದ ಮೇಲೂ ಶೇ. 4ರಷ್ಟು ಜಾಸ್ತಿ!

S = 6 ಓಮ್ ಮಾಡಿ ನೋಡಿ. ಮೊದಲ ಅಳತೆ 49.7, ಎರಡನೆಯದು 50.3, ಸರಾಸರಿ 50. ಉತ್ತರ ಸರಿಯಾಗಿ 6 ಓಮ್.

ಕಾರಣ ಇಷ್ಟೇ. ಅದಲು ಬದಲು ಮಾಡಿದಾಗ a ಮತ್ತು b ನಡುವಿನ ವ್ಯತ್ಯಾಸ ಹೋಗುತ್ತದೆ. ಅವುಗಳ ಮೊತ್ತದ ಪರಿಣಾಮ ಉಳಿಯುತ್ತದೆ, ಅದು ಸೊನ್ನೆಯಾಗುವುದು ತಂತಿಯ ನಡುವೆ ಮಾತ್ರ. a = b ಆಗಿದ್ದರಂತೂ ಎರಡು ಅಳತೆಗಳೂ ಒಂದೇ ಬರುತ್ತವೆ, ದೋಷ ಇದೆ ಎಂಬ ಸುಳಿವೇ ಸಿಗುವುದಿಲ್ಲ. ಹಾಗಾಗಿ S ಬದಲಾಯಿಸಿ ಸಮತೋಲನವನ್ನು 50ರ ಹತ್ತಿರ ತನ್ನಿ, ಆಮೇಲೆ ಅದಲು ಬದಲು ಮಾಡಿ. ಓದುವಾಗ ಆಗುವ 1 ಮಿ.ಮೀ. ತಪ್ಪು ಕೂಡ ನಡುವೆ ಶೇ. 0.4 ಮಾತ್ರ, 10 ಸೆಂ.ಮೀ. ಹತ್ತಿರ ಶೇ. 1.1.

ಲ್ಯಾಬಿನಲ್ಲಿ ಇನ್ನೆರಡು ವಿಷಯ. ಜಾಕಿಯನ್ನು ತಂತಿಯ ಮೇಲೆ ಎಳೆಯಬೇಡಿ, ಸುಮ್ನೆ ಮುಟ್ಟಿಸಿ ಎತ್ತಿ. ಎಳೆದರೆ ತಂತಿ ಸವೆದು ದಪ್ಪ ಬದಲಾಗುತ್ತದೆ. ಕೀ ಹಾಕಿಟ್ಟು ಮಾತಾಡುತ್ತಾ ನಿಂತರೆ ತಂತಿ, ರೋಧಗಳು ಬಿಸಿಯಾಗಿ ಸಮತೋಲನದ ಜಾಗ ನಿಧಾನವಾಗಿ ಸರಿಯುತ್ತದೆ. ಜಾಕಿ ಎರಡೂ ತುದಿಗೆ ಇಟ್ಟಾಗಲೂ ಮುಳ್ಳು ಒಂದೇ ಕಡೆ ಹೋದರೆ ಗ್ಯಾಪ್‌ಗಳ ತಿರುಪು, ಬಾಕ್ಸ್‌ನ ಪ್ಲಗ್ ಸಡಿಲ ಇದೆಯೇ ಎಂದು ಮೊದಲು ನೋಡಿ.