ಪಟ್ಟಿಯಲ್ಲಿ ಕಾಣದ ಕಡಿತ

ದಲಾಲಿ ಅಂಗಡಿಯ ಲೆಕ್ಕ ಪರಿಶೀಲಿಸುವಾಗ ನಾನು ಮೊದಲು ಒಂದೇ ಲಾಟಿಗೆ ಸಂಬಂಧಿಸಿದಂತೆ ರೈತರಿಗೆ ಕೊಡುವ ಮಾರಾಟದ ಲೆಕ್ಕದ ಪಟ್ಟಿಯನ್ನೂ ಖರೀದಿದಾರರ ಬಿಲ್ಲನ್ನೂ ಅಕ್ಕಪಕ್ಕ ಇಟ್ಟು, ಎರಡರಲ್ಲಿಯೂ ನಿವ್ವಳ ತೂಕ ಒಂದೇ ಇದೆಯೇ ಎಂದು ನೋಡುತ್ತೇನೆ. ಹಮಾಲಿ, ಲಾರಿ ಬಾಡಿಗೆ, ಮುಂಗಡ ಇವೆಲ್ಲ ರೂಪಾಯಿಯಲ್ಲಿ ಕಳೆಯುವುದರಿಂದ ರೈತರ ಕಣ್ಣಿಗೆ ಬೀಳುತ್ತವೆ. ತೂಕದಲ್ಲಿ ಕಳೆದದ್ದು ಮಾತ್ರ ದರದೊಂದಿಗೆ ಗುಣಿಸುವ ಮೊದಲೇ ಮಾಯವಾಗಿರುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ರೈತರೊಬ್ಬರು 20 ಚೀಲ ಒಣಮೆಣಸಿನಕಾಯಿ ತಂದಿದ್ದಾರೆ, ಚೀಲಸಹಿತ ತೂಕ 820 ಕಿಲೊ, ಟೆಂಡರಿನಲ್ಲಿ ನಿಂತ ದರ ಕ್ವಿಂಟಲಿಗೆ 20,000 ರೂಪಾಯಿ ಎಂದುಕೊಳ್ಳಿ. ಖಾಲಿ ಗೋಣಿಚೀಲ ಒಂದು ಕಿಲೊ ತೂಗಿದರೆ ನಿವ್ವಳ ತೂಕ 800 ಕಿಲೊ, ಬೆಲೆ 1,60,000 ರೂಪಾಯಿ. ಆದರೆ ಬಿಲ್ಲಿನ ಸಾಫ್ಟ್‌ವೇರಿನಲ್ಲಿ ಚೀಲಕ್ಕೆ ಎರಡು ಕಿಲೊ ಕಡಿತವೆಂದು ಮೊದಲೇ ನಮೂದಿಸಿಟ್ಟಿದ್ದರೆ ನಿವ್ವಳ 780 ಕಿಲೊ ಆಗಿ, ಪಟ್ಟಿ 1,56,000 ರೂಪಾಯಿಗೆ ಇಳಿಯುತ್ತದೆ. ಹೋದ 4,000 ರೂಪಾಯಿ ಯಾವ ಖರ್ಚಿನ ಸಾಲಿನಲ್ಲಿಯೂ ಇರುವುದಿಲ್ಲ. ಹಗುರವಾದ ಪ್ಲಾಸ್ಟಿಕ್ ಚೀಲಕ್ಕೂ ಇದೇ ಕಡಿತ ಅನ್ವಯವಾದರೆ ನಷ್ಟ ಇನ್ನೂ ಹೆಚ್ಚು.

ಖರೀದಿದಾರರ ಬಿಲ್ಲಿನಲ್ಲಿ 800 ಕಿಲೊ ಇದ್ದರೆ ಆ 20 ಕಿಲೊ ಅಂಗಡಿಯಲ್ಲೇ ಉಳಿದಿದೆ ಎಂಬುದು ಸ್ಪಷ್ಟ. ಅಲ್ಲಿಯೂ 780 ಎಂದೇ ಇದ್ದರೆ ಲಾಭ ಖರೀದಿದಾರರ ಪಾಲಾಗಿದೆ. ಆಗ ಎರಡು ಕಾಗದಗಳ ಹೋಲಿಕೆಯಿಂದ ಏನೂ ತಿಳಿಯದು, ತೂಕದ ಚೀಟಿಯನ್ನೇ ಹುಡುಕಬೇಕು. ಆದ್ದರಿಂದಲೇ ಒಟ್ಟು ತೂಕ, ಚೀಲಗಳ ಸಂಖ್ಯೆ, ಚೀಲದ ತೂಕ ಮತ್ತು ನಿವ್ವಳ ತೂಕ ನಾಲ್ಕನ್ನೂ ಪಟ್ಟಿಯಲ್ಲಿ ಬೇರೆಬೇರೆಯಾಗಿ ಮುದ್ರಿಸಬೇಕೆಂದು ನಾನು ಪ್ರತಿ ಅಂಗಡಿಯಲ್ಲಿಯೂ ಒತ್ತಾಯಿಸುತ್ತೇನೆ. ಆ ಲಾಟಿನದೇ ಒಂದೆರಡು ಖಾಲಿ ಚೀಲಗಳನ್ನು ರೈತರೆದುರು ತೂಗಿ ಅದೇ ಅಂಕಿಯನ್ನು ಬರೆದರೆ ತಕರಾರಿಗೆ ಎಡೆಯಿರುವುದಿಲ್ಲ. ಬಿಡಿ ಗ್ರಾಂಗಳನ್ನು ಪ್ರತಿ ಚೀಲಕ್ಕೂ ಕೈಬಿಡದೆ, ಏನಿದ್ದರೂ ಒಟ್ಟು ತೂಕದಲ್ಲಿ ಒಮ್ಮೆ ಮಾತ್ರ ಸರಿಹೊಂದಿಸಬೇಕು.

ಇನ್ನು ರೂಪಾಯಿಯ ಕಡಿತಗಳು. ಕರ್ನಾಟಕದ ನಿಯಂತ್ರಿತ ಮಾರುಕಟ್ಟೆಗಳಲ್ಲಿ ದಲಾಲಿಯನ್ನೂ ಮಾರುಕಟ್ಟೆ ಶುಲ್ಕವನ್ನೂ ಖರೀದಿದಾರರೇ ಕೊಡಬೇಕು. ಮೇಲಿನ ಲಾಟಿಗೆ ಶೇಕಡಾ 2ರಂತೆ ಹಿಡಿದರೆ ದಲಾಲಿ 3,200 ರೂಪಾಯಿ, ಅದು ಖರೀದಿದಾರರ ಬಿಲ್ಲಿಗೆ ಸೇರಬೇಕಾದ ಮೊತ್ತ. ಅದೇ ಮೊತ್ತ ರೈತರ ಪಟ್ಟಿಯಲ್ಲಿ ಕಮಿಷನ್ ಎಂದೋ, ಇತರೆ ಖರ್ಚು ಎಂದೋ ಕಾಣಿಸಿಕೊಂಡರೆ ಅದು ತಪ್ಪು. ‘ಇತರೆ’ ಎಂಬ ಸಾಲನ್ನೇ ಪಟ್ಟಿಯ ನಮೂನೆಯಿಂದ ತೆಗೆಯಿಸುವುದು ಒಳ್ಳೆಯದು.

ಇದೇ ರೈತರು ಹಮಾಲಿ 300, ಅಂಗಡಿಯವರು ಅವರ ಪರವಾಗಿ ಕೊಟ್ಟ ಬಾಡಿಗೆ 2,500 ಮತ್ತು ಮುಂಗಡಕ್ಕೆ 30,000 ರೂಪಾಯಿ ಕಳೆಯಲು ಒಪ್ಪಿದ್ದರೆ ಅವರ ಕೈಗೆ 1,27,200 ರೂಪಾಯಿ ಬರಬೇಕು. ಮುಂಗಡದ ಸಾಲಿನಲ್ಲಿ ಕಳೆದ ಮೊತ್ತವೊಂದೇ ಇದ್ದರೆ ಸಾಲದು. ಹಿಂದಿನ ಬಾಕಿ, ಈ ಪಟ್ಟಿಯಲ್ಲಿ ಕಳೆದದ್ದು, ಉಳಿದ ಬಾಕಿ ಮೂರೂ ಇರಬೇಕು. ಇಲ್ಲದಿದ್ದರೆ ಮುಂದಿನ ಸುಗ್ಗಿಗೆ ಬಂದಾಗ ತೀರಿಸಿದ ಮುಂಗಡ ಮತ್ತೆ ಕಡಿತವಾದರೂ ಅದನ್ನು ತೋರಿಸಿಕೊಡಲು ರೈತರ ಬಳಿ ದಾಖಲೆಯೇ ಇರುವುದಿಲ್ಲ.