ಪ್ರಮಾಣಪತ್ರದ ಎಂಟನೆಯ ಚೌಕ: ವಿಯೆಟ್ನಾಂ ಜಿಪ್ ಮತ್ತು ಸುಂಕದ ರಿಯಾಯಿತಿ

ದಾವಣಗೆರೆಯ ಚೌಕಿಪೇಟೆಯಲ್ಲಿ ಹೊಲಿಗೆ ಸಾಮಾನಿನ ಸಗಟು ವ್ಯಾಪಾರ ಮಾಡುವ ಹಿರಿಯರೊಬ್ಬರು ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಜಿಪ್, ಗುಂಡಿ, ರಿವೆಟ್‌ಗಳನ್ನು ಪೂರೈಸುತ್ತಾರೆ. ಇಷ್ಟು ದಿನ ಬೆಂಗಳೂರಿನ ವ್ಯಾಪಾರಿಗಳಿಂದ ಕೊಳ್ಳುತ್ತಿದ್ದ ಹಿತ್ತಾಳೆ ಹಲ್ಲಿನ ಜಿಪ್‌ಗಳನ್ನು ವಿಯೆಟ್ನಾಂನಿಂದ ತಾವೇ ತರಿಸಬೇಕೆಂದು ಹೊರಟಾಗ ಅವರು ಎರಡು ಕಾಗದ ಹಿಡಿದು ನನ್ನ ಕಚೇರಿಗೆ ಬಂದರು. ಒಂದು, ಭಾರತ ಮತ್ತು ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ ದೇಶಗಳ ವ್ಯಾಪಾರ ಒಪ್ಪಂದದಡಿ ಸುಂಕ ಕಡಿತವನ್ನು ಪ್ರಕಟಿಸುವ 46/2011ನೇ ಕಸ್ಟಮ್ಸ್ ಅಧಿಸೂಚನೆಯ ಇಂಗ್ಲಿಷ್ ಮುದ್ರಿತ ಪ್ರತಿ. ಇನ್ನೊಂದು, ಅಲ್ಲಿಯ ತಯಾರಕ ಕಳುಹಿಸಿದ್ದ ಸರ್ಟಿಫಿಕೇಟ್ ಆಫ್ ಒರಿಜಿನ್, ಎಂದರೆ ಸರಕಿನ ಮೂಲ ದೇಶವನ್ನು ಹೇಳುವ ಪ್ರಮಾಣಪತ್ರದ ಕರಡು. "ಸರ್ಟಿಫಿಕೇಟ್ ಐತಲ್ಲ ಸಾರ್, ಅದರ ಮ್ಯಾಲೆ ಅವರ ಸರ್ಕಾರದ ಸೀಲ್ ಬೀಳ್ತೈತಿ. ಇನ್ನೇನು ಬೇಕು?" ಎಂದು ಕೇಳಿದರು. ಈ ಪ್ರಶ್ನೆಗೆ ಉತ್ತರ ಅವರು ತಂದಿದ್ದ ಅಧಿಸೂಚನೆಯಲ್ಲೇ ಇತ್ತು. ಆದರೆ ಅದು ಒಂದೇ ಉದ್ದನೆಯ ಇಂಗ್ಲಿಷ್ ವಾಕ್ಯದ ಬಾಲದಲ್ಲಿ ಕುಳಿತಿತ್ತು.

ಆ ವಾಕ್ಯದ ಮೊದಲ ಭಾಗ ರಿಯಾಯಿತಿಯನ್ನು ಕೊಡುತ್ತದೆ: ಪಟ್ಟಿಯಲ್ಲಿರುವ ಸರಕು ಅನುಬಂಧದಲ್ಲಿ ಹೆಸರಿಸಿದ ದೇಶದಿಂದ ಬಂದರೆ ಪಟ್ಟಿಯಲ್ಲಿ ಕಾಣಿಸಿದ ದರಕ್ಕಿಂತ ಹೆಚ್ಚಿನ ಮೂಲ ಸೀಮಾ ಸುಂಕಕ್ಕೆ ವಿನಾಯಿತಿ ಇದೆ. ಓದುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. "ಪ್ರೊವೈಡೆಡ್ ದಟ್" ಎಂದು ಆರಂಭವಾಗುವ ಎರಡನೆಯ ಭಾಗವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಾಗುತ್ತದೆ: ಯಾವ ಸರಕಿಗೆ ಈ ವಿನಾಯಿತಿಯನ್ನು ಕೇಳಲಾಗಿದೆಯೋ ಆ ಸರಕು, 2009ರ ಡಿಸೆಂಬರ್ 31ರಂದು ಪ್ರಕಟವಾದ ಮೂಲ ನಿರ್ಣಯ ನಿಯಮಗಳ ಪ್ರಕಾರ ಆ ದೇಶಗಳ ಮೂಲದ್ದೇ ಎಂಬುದನ್ನು ಕಸ್ಟಮ್ಸ್‌ನ ಡೆಪ್ಯೂಟಿ ಕಮಿಷನರ್ ಅಥವಾ ಅಸಿಸ್ಟೆಂಟ್ ಕಮಿಷನರ್ ಅವರಿಗೆ ಮನವರಿಕೆಯಾಗುವಂತೆ ಆಮದುದಾರನು ರುಜುವಾತು ಮಾಡಬೇಕು. ಈ ವಾಕ್ಯದಲ್ಲಿ ಕರ್ತೃಪದ ಆಮದುದಾರ. ರುಜುವಾತು ಮಾಡಬೇಕಾದವನು ವಿಯೆಟ್ನಾಂನ ತಯಾರಕನೂ ಅಲ್ಲ, ಪ್ರಮಾಣಪತ್ರ ಕೊಟ್ಟ ಅಲ್ಲಿಯ ಕಚೇರಿಯೂ ಅಲ್ಲ, ಚೌಕಿಪೇಟೆಯ ಯಜಮಾನರು. ಇದು 2020ರ ವರೆಗೆ ಕಾಗದದ ಮೇಲಿನ ಮಾತಿನಂತೆಯೇ ಇತ್ತು. ಆ ವರ್ಷ ಕಸ್ಟಮ್ಸ್ ಕಾಯ್ದೆಗೆ 28ಡಿಎ ಎಂಬ ಕಲಮನ್ನು ಸೇರಿಸಿ, ಪ್ರಮಾಣಪತ್ರವನ್ನು ಸಲ್ಲಿಸಿದ ಮಾತ್ರಕ್ಕೆ ಆಮದುದಾರನ ಎಚ್ಚರಿಕೆಯ ಹೊಣೆ ತೀರುವುದಿಲ್ಲವೆಂದು ಸ್ಪಷ್ಟವಾಗಿ ಬರೆಯಲಾಯಿತು. ಅದರ ಬೆನ್ನಿಗೇ ಬಂದ, ವ್ಯಾಪಾರ ಒಪ್ಪಂದಗಳಡಿಯ ಮೂಲದ ನಿಯಮಗಳನ್ನು ಜಾರಿಗೊಳಿಸುವ, ವ್ಯವಹಾರದಲ್ಲಿ ಎಲ್ಲರೂ "ಕರೋಟಾರ್" ಎನ್ನುವ ನಿಯಮಗಳು 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿವೆ. 2025ರ ಮಾರ್ಚ್‌ನ ತಿದ್ದುಪಡಿಯ ನಂತರ ಈ ನಿಯಮಗಳಲ್ಲಿ ಮೂಲದ ಪ್ರಮಾಣಪತ್ರ ಎನ್ನುವ ಕಡೆ ಮೂಲದ ಪುರಾವೆ ಎಂಬ ಪದ ಬಂದಿದೆ. ಹೊಸ ಪ್ರತಿಯಲ್ಲಿ ಹಳೆಯ ಪದವನ್ನು ಹುಡುಕಿ ಗಾಬರಿಯಾಗಬೇಕಿಲ್ಲ.

ಇನ್ನು ಪ್ರಮಾಣಪತ್ರದ ಕರಡಿಗೆ ಬರೋಣ. ಆಸಿಯಾನ್ ಒಪ್ಪಂದದ ಈ ನಮೂನೆಗೆ ಫಾರ್ಮ್ ಎಐ ಎಂದು ಹೆಸರು. ಅದರ ಎಂಟನೆಯ ಚೌಕದಲ್ಲಿ ಸರಕು ಯಾವ ಮಾನದಂಡದ ಮೇಲೆ ವಿಯೆಟ್ನಾಂ ಮೂಲದ್ದಾಯಿತು ಎಂದು ಬರೆಯಬೇಕು. ನಮ್ಮ ಕರಡಿನಲ್ಲಿ 50% ಎಂಬ ಅಂಕಿಯೂ ಅದರ ಪಕ್ಕದಲ್ಲಿ ಸಿಟಿಎಸ್‌ಎಚ್ ಎಂಬ ಅಕ್ಷರಗಳೂ ಇದ್ದವು. ಹೊರಗಿನ ಕಚ್ಚಾ ಸಾಮಗ್ರಿ ಬಳಸಿ ಮಾಡಿದ ಸರಕಿಗೆ ಈ ಒಪ್ಪಂದದ ಸಾಮಾನ್ಯ ನಿಯಮದಲ್ಲಿ ಎರಡು ಪರೀಕ್ಷೆಗಳಿದ್ದು, ಎರಡರಲ್ಲೂ ಪಾಸಾಗಬೇಕು. ಸಿಟಿಎಸ್‌ಎಚ್ ಎಂದರೆ, ಹೊರಗಿನಿಂದ ತಂದ ಸಾಮಗ್ರಿಯ ಆರಂಕಿಯ ಸುಂಕ ಸಂಖ್ಯೆಯೂ ತಯಾರಾದ ಸರಕಿನ ಆರಂಕಿಯ ಸಂಖ್ಯೆಯೂ ಬೇರೆಯಾಗಿರಬೇಕು. ಎರಡನೆಯದು, ಸರಕಿನ ಎಫ್‌ಒಬಿ ಬೆಲೆಯಲ್ಲಿ, ಎಂದರೆ ಅಲ್ಲಿಯ ಬಂದರಿನಲ್ಲಿ ಹಡಗಿಗೇರಿಸುವ ವರೆಗಿನ ಬೆಲೆಯಲ್ಲಿ, ಕನಿಷ್ಠ 35% ಒಪ್ಪಂದದ ದೇಶಗಳೊಳಗಿನದಾಗಿರಬೇಕು. ಇದರ ಜೊತೆಗೆ ಕೊನೆಯ ಹಂತದ ತಯಾರಿಕೆ ರಫ್ತು ಮಾಡುವ ದೇಶದಲ್ಲೇ ನಡೆದಿರಬೇಕು.

ಲೋಹದ ಹಲ್ಲಿನ ಜಿಪ್‌ನ ಸಂಖ್ಯೆ 9607.11. ಅದಕ್ಕೆ ಬಳಸುವ ನೇಯ್ದ ಟೇಪ್ 5806ರಲ್ಲಿ, ಹಿತ್ತಾಳೆ ತಂತಿ 7408ರಲ್ಲಿ, ವ್ಯಾಪಾರದಲ್ಲಿ ರನ್ನರ್ ಎನ್ನುವ ಎಳೆಯುವ ಭಾಗ 9607.20ರಲ್ಲಿ ಬರುತ್ತವೆ. ರನ್ನರ್‌ನ ಮೊದಲ ನಾಲ್ಕು ಅಂಕಿ ಜಿಪ್‌ನದೇ ಆದರೂ ಆರಂಕಿಯಲ್ಲಿ ಬೇರೆಯಾಗುವುದರಿಂದ ಮೊದಲ ಪರೀಕ್ಷೆಯಲ್ಲಿ ಸರಕು ಪಾಸಾಗುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು: ಹಲ್ಲು ಕೂರಿಸಿದ ಪಟ್ಟಿಯನ್ನೂ ರನ್ನರನ್ನೂ ಹೊರಗಿನಿಂದ ತಂದು ಬರೀ ಜೋಡಿಸಿ ಕಳುಹಿಸಿದರೆ ಸಂಖ್ಯೆ ಬದಲಾಗುತ್ತದೆ, ಆದರೆ ಬರೀ ಸರಳ ಜೋಡಣೆಯಿಂದ ಮೂಲ ಸಿಗುವುದಿಲ್ಲವೆಂದು ಅದೇ ನಿಯಮಗಳು ಹೇಳುತ್ತವೆ. ನಮ್ಮ ತಯಾರಕ ತಂತಿಯನ್ನು ಕತ್ತರಿಸಿ, ಹಲ್ಲಾಗಿ ಒತ್ತಿ, ಟೇಪಿಗೆ ಕಚ್ಚಿಸುವ ಯಂತ್ರಗಳ ಚಿತ್ರಗಳನ್ನೇ ಕಳುಹಿಸಿದ್ದರಿಂದ ಆ ತೊಡಕು ಇರಲಿಲ್ಲ.

ತೊಡಕಿದ್ದದ್ದು ಆ 50%ನಲ್ಲಿ. ಅಂಕಿ ಹೇಗೆ ಬಂತೆಂದು ಕೇಳಿ, ಸಾಮಗ್ರಿಗಳ ಪಟ್ಟಿಯನ್ನು ಬೆಲೆಸಹಿತ ಕಳುಹಿಸುವಂತೆ ಯಜಮಾನರಿಂದ ತಯಾರಕನಿಗೆ ಪತ್ರ ಬರೆಸಿದೆ. ಬಂದ ಲೆಕ್ಕವನ್ನು ರೂಪಾಯಿಗೆ ತಿರುಗಿಸಿ, ಓದಲು ಸುಲಭವಾಗುವಂತೆ ದುಂಡು ಮಾಡಿ ಕೊಡುತ್ತೇನೆ. ಇಡೀ ಲಾಟಿನ ಎಫ್‌ಒಬಿ ಬೆಲೆ 10,00,000. ಚೀನಾದಿಂದ ಬಂದ ಟೇಪ್ 2,40,000, ಚೀನಾದಿಂದಲೇ ಬಂದ ರನ್ನರ್ 2,60,000. ಹಿತ್ತಾಳೆ ತಂತಿ 1,80,000. ಉಳಿದ 3,20,000 ಕೂಲಿ, ಕಾರ್ಖಾನೆ ಖರ್ಚು ಮತ್ತು ಲಾಭ. ತಯಾರಕ ಚೀನಾದ 5,00,000 ಮಾತ್ರ ಹೊರಗಿನದೆಂದು ಹಿಡಿದು, ಉಳಿದ ಅರ್ಧ ತನ್ನ ದೇಶದ್ದೆಂದು ಬರೆದಿದ್ದ. ತಂತಿಯನ್ನು ಅವನು ವಿಯೆಟ್ನಾಂನಲ್ಲೇ ಒಬ್ಬ ಡೀಲರ್‌ನಿಂದ ಕೊಂಡಿದ್ದ, ಬಿಲ್ಲೂ ಅಲ್ಲಿಯದೇ, ತೆರಿಗೆಯೂ ಅಲ್ಲಿಯದೇ.

ಈ ಒಂದು ತಪ್ಪು ಗ್ರಹಿಕೆಯಿಂದಲೇ ಎಷ್ಟೋ ಪ್ರಾಮಾಣಿಕ ಲೆಕ್ಕಗಳು ಕೆಡುವುದನ್ನು ನಾನು ಕಂಡಿದ್ದೇನೆ. ಅಲ್ಲಿ ಕೊಂಡದ್ದು ಅಲ್ಲಿಯ ಮೂಲದ್ದಾಗುವುದಿಲ್ಲ. ದಾವಣಗೆರೆಯ ಅಂಗಡಿಯಲ್ಲಿ ಕೊಂಡ ಮಾತ್ರಕ್ಕೆ ಏಲಕ್ಕಿ ದಾವಣಗೆರೆಯಲ್ಲಿ ಬೆಳೆದದ್ದಾಗುವುದಿಲ್ಲವಷ್ಟೆ. ನಿಯಮದ ಸೂತ್ರದಲ್ಲಿ ಹೊರದೇಶದ ಸಾಮಗ್ರಿಯ ಬೆಲೆಯ ಜೊತೆಗೆ, ಮೂಲ ಗೊತ್ತಿಲ್ಲದ ಸಾಮಗ್ರಿಯ ಬೆಲೆಯನ್ನೂ ಕೂಡಿಸಬೇಕು, ಆ ಮೊತ್ತ ಎಫ್‌ಒಬಿಯ 65%ನ್ನು ಮೀರಬಾರದು. ಡೀಲರ್‌ನ ಬಿಲ್ಲಿನಲ್ಲಿ ತಂತಿಯ ತೂಕ, ದಪ್ಪ, ಬೆಲೆ ಇದ್ದವು, ಎಳೆದ ಕಾರ್ಖಾನೆಯ ಹೆಸರಿರಲಿಲ್ಲ. ಆದ್ದರಿಂದ 5,00,000ಕ್ಕೆ 1,80,000 ಸೇರಿ 6,80,000 ಆಯಿತು. 68% ಹೊರಗಿನದು, ಒಳಗಿನದು 32% ಮಾತ್ರ. ಪ್ರಮಾಣಪತ್ರದ ಮೇಲೆ ಐವತ್ತೆಂದಿದ್ದ ಸರಕು ಮೂವತ್ತೈದನ್ನೂ ಮುಟ್ಟಲಿಲ್ಲ. ತಂತಿಯನ್ನು ವಿಯೆಟ್ನಾಂನಲ್ಲೇ ಎಳೆದಿದ್ದಾರೆಂದು ತೋರಿಸಿದರೂ ಸಾಲದು. ಹೊರಗಿನ ಹಿತ್ತಾಳೆ ಸರಳಿನಿಂದ ಎಳೆದಿದ್ದರೆ ಆ ತಂತಿಯೂ ತಾನಾಗಿ ಇದೇ ಎರಡು ಪರೀಕ್ಷೆಗಳಲ್ಲಿ ಪಾಸಾಗಿರಬೇಕು.

ಹಾಗೆಯೇ ರಿಯಾಯಿತಿ ಕೇಳಿ ಸರಕು ಬಿಡಿಸಿಕೊಂಡಿದ್ದರೆ ಏನಾಗುತ್ತಿತ್ತೆಂದು ಯಜಮಾನರು ಕೇಳಿದರು. ಸಾಮಾನ್ಯ ದರ 10%, ರಿಯಾಯಿತಿ ದರ ಸೊನ್ನೆ ಎಂದು ಇಟ್ಟುಕೊಳ್ಳೋಣ. ಸಾಗಣೆ, ವಿಮೆ ಸೇರಿ ಇಲ್ಲಿಯ ಮೌಲ್ಯ 10,50,000 ಆದರೆ ಮೂಲ ಸುಂಕ 1,05,000, ಅದರ ಮೇಲೆ ಹತ್ತನೆಯ ಒಂದು ಭಾಗ ಸಮಾಜ ಕಲ್ಯಾಣ ಸರ್‌ಚಾರ್ಜ್ 10,500, ಒಟ್ಟು 1,15,500. ಐಜಿಎಸ್‌ಟಿ ಎರಡೂ ಸಂದರ್ಭದಲ್ಲಿ ಇದ್ದೇ ಇರುತ್ತದೆ. ಆಮೇಲೆ ಮೂಲ ತಪ್ಪೆಂದು ತೀರ್ಮಾನವಾದರೆ ಈ 1,15,500ನ್ನು ವರ್ಷಕ್ಕೆ 15% ಬಡ್ಡಿಯೊಂದಿಗೆ ಕಟ್ಟಬೇಕು, ಎಂದರೆ ವರ್ಷಕ್ಕೆ 17,325. ಸಾಮಾನ್ಯ ಪ್ರಕರಣದಲ್ಲಿ ಎರಡು ವರ್ಷದ ಒಳಗೆ ನೋಟಿಸ್ ಕೊಡಬಹುದು, ಉದ್ದೇಶಪೂರ್ವಕ ತಪ್ಪು ಹೇಳಿಕೆ ಅಥವಾ ಮುಚ್ಚಿಟ್ಟದ್ದು ಎಂದಾದರೆ ಐದು ವರ್ಷದ ವರೆಗೆ. ನನಗೆ ಇದಕ್ಕಿಂತ ಕಳವಳದ ಸಂಗತಿ ಇನ್ನೊಂದು: ಒಂದು ಲಾಟಿನ ಮೂಲ ತಪ್ಪೆಂದು ಪರಿಶೀಲನೆಯಲ್ಲಿ ಸಾಬೀತಾದರೆ, ಅದೇ ತಯಾರಕನ ಅದೇ ಬಗೆಯ ಸರಕಿಗೆ ಮುಂದೆ ಬೇರೆ ಪರಿಶೀಲನೆಯಿಲ್ಲದೆಯೇ ರಿಯಾಯಿತಿಯನ್ನು ನಿರಾಕರಿಸುವ ಅಧಿಕಾರ ಕಾಯ್ದೆಯಲ್ಲಿದೆ. ಬೆಲೆ ಕಟ್ಟಿ ಗಿರಾಕಿಗೆ ಮಾತು ಕೊಟ್ಟ ಮೇಲೆ ಈ ಸ್ಥಿತಿ ಬಂದರೆ ವ್ಯಾಪಾರಿ ನಿಲ್ಲುವುದು ಕಷ್ಟ.

ಕರೋಟಾರ್‌ನ ನಮೂನೆಯಾದ ಫಾರ್ಮ್ 1 ಕೇಳುವುದೂ ನಾವು ಕೇಳಿದ್ದನ್ನೇ: ತಯಾರಿಕೆಯ ಹಂತಗಳು, ಸಾಮಗ್ರಿಗಳು, ಅವುಗಳ ಸುಂಕ ಸಂಖ್ಯೆ, ಪ್ರತಿಯೊಂದರ ಮೂಲ, ಒಳಗಿನ ಮೌಲ್ಯ ಬಂದ ಬಗೆ. ಇದನ್ನು ಬಿಲ್ ಆಫ್ ಎಂಟ್ರಿಯ, ಎಂದರೆ ಆಮದು ಸರಕಿನ ಬಗ್ಗೆ ಕಸ್ಟಮ್ಸ್‌ಗೆ ಕೊಡುವ ಘೋಷಣೆಯ, ಜೊತೆ ಸಲ್ಲಿಸಬೇಕಿಲ್ಲ, ಆದರೆ ಮಾಹಿತಿ ಆಮದಿಗೆ ಮೊದಲೇ ಕೈಯಲ್ಲಿರಬೇಕು. ಅಧಿಕಾರಿ ಕೇಳಿದರೆ ಉತ್ತರಿಸಲು ಹತ್ತು ಕೆಲಸದ ದಿನಗಳು ಮಾತ್ರ ಸಿಗುತ್ತವೆ. ಅಷ್ಟರೊಳಗೆ ವಿಯೆಟ್ನಾಂನ ಕಾರ್ಖಾನೆಯಿಂದ ತಂತಿಯ ಚರಿತ್ರೆಯನ್ನು ತರಿಸುವುದು ಆಗದ ಮಾತು. ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ಅಲ್ಲಿಯ ಪ್ರಾಧಿಕಾರಕ್ಕೆ ಪರಿಶೀಲನೆಗೆ ಬರೆಯುತ್ತಾರೆ, ಸರಕು ಬೇಕಿದ್ದರೆ ಸುಂಕದ ವ್ಯತ್ಯಾಸದಷ್ಟು ಭದ್ರತೆ ಇಟ್ಟು ಬಿಡಿಸಿಕೊಳ್ಳಬೇಕಾಗುತ್ತದೆ.

ತಂತಿಯ ಡೀಲರ್ ಮತ್ತೊಬ್ಬ ಡೀಲರ್‌ನ ಬಿಲ್ಲನ್ನಷ್ಟೇ ಕೊಟ್ಟಿದ್ದರಿಂದ ಮೊದಲ ಲಾಟಿಗೆ ರಿಯಾಯಿತಿ ಕೇಳದೆ ಪೂರ್ತಿ ಸುಂಕ ಕಟ್ಟಲು ಹೇಳಿದೆ. ಯಜಮಾನರಿಗೆ ಬೇಸರವಾಯಿತು, ಆದರೂ ಒಪ್ಪಿದರು. ಎರಡನೆಯ ಲಾಟಿಗೆ ತಯಾರಕ ಥಾಯ್ಲೆಂಡ್‌ನ ತಂತಿ ಕಾರ್ಖಾನೆಯಿಂದ ನೇರವಾಗಿ ಕೊಂಡ. ಒಪ್ಪಂದದ ಒಂದು ದೇಶದ ಮೂಲದ ಸಾಮಗ್ರಿಯನ್ನು ಇನ್ನೊಂದು ದೇಶದಲ್ಲಿ ಬಳಸಿದರೆ ಅದನ್ನು ಬಳಸಿದ ದೇಶದ್ದೆಂದೇ ಎಣಿಸಲು ಅವಕಾಶವಿದೆ, ಇದಕ್ಕೆ ಕ್ಯುಮುಲೇಷನ್ ಎನ್ನುತ್ತಾರೆ. ತಂತಿ ಇದೇ ಒಪ್ಪಂದದ ನಿಯಮದಂತೆ ಥಾಯ್ಲೆಂಡ್ ಮೂಲದ್ದೆಂಬ ದಾಖಲೆ ಬಂದ ಮೇಲೆ ಲೆಕ್ಕ ಮತ್ತೆ 50%ಗೆ ನಿಂತಿತು, ಈ ಬಾರಿ ಆಧಾರಸಹಿತವಾಗಿ.

ಪ್ರಮಾಣಪತ್ರದ ಹದಿಮೂರನೆಯ ಚೌಕದಲ್ಲಿ ಕ್ಯುಮುಲೇಷನ್ ಎದುರು ಗುರುತು ಬಿದ್ದಿದೆಯೇ ಎಂದು ಕರಡಿನಲ್ಲೇ ನೋಡಿಕೊಂಡೆವು, ಚೆನ್ನೈಯಲ್ಲಿ ಬಿಲ್ ಆಫ್ ಎಂಟ್ರಿ ಹಾಕುವ ಕಸ್ಟಮ್ಸ್ ಬ್ರೋಕರ್‌ಗೂ ಆ ವಿವರವನ್ನು ತುಂಬಲು ಬರೆದು ತಿಳಿಸಿದೆವು. ಪ್ರಮಾಣಪತ್ರದ ತಾರೀಖು ಹಡಗಿನ ತಾರೀಖಿನಿಂದ ಮೂರು ಕೆಲಸದ ದಿನಗಳೊಳಗಿತ್ತು. ಅದಕ್ಕಿಂತ ತಡವಾಗಿದ್ದರೆ ಪೂರ್ವಾನ್ವಯವಾಗಿ ಕೊಟ್ಟದ್ದು ಎಂಬ ಮುದ್ರೆ ಅದರ ಮೇಲಿರಬೇಕಿತ್ತು. ಸರಕು ದಾವಣಗೆರೆಗೆ ಬಂದ ದಿನ ಯಜಮಾನರು ತಂತಿಯ ದಾಖಲೆ, ಸಾಮಗ್ರಿ ಪಟ್ಟಿ, ತುಂಬಿದ ಫಾರ್ಮ್ 1 ಎಲ್ಲವನ್ನೂ ಒಂದೇ ಫೈಲಿನಲ್ಲಿ ಕಟ್ಟಿ, ಅದರ ಬೆನ್ನ ಮೇಲೆ ಬಿಲ್ ಆಫ್ ಎಂಟ್ರಿಯ ತಾರೀಖನ್ನೂ ಅದಕ್ಕೆ ಐದು ವರ್ಷ ಕೂಡಿಸಿದ ತಾರೀಖನ್ನೂ ಬರೆದರು. ಕಾಯ್ದಿಡಬೇಕಾದ ಅವಧಿ ಅಷ್ಟು.